ಆರ್ಡರ್ ಯಾವಾಗ ಬಂತು ಅಂತ ಮೊದಲು ನೋಡಿ

"ಸಂಪಾದಕರೇ, ನಾನು ಎಂಬಿಎ ಓದುತ್ತಿದ್ದೇನೆ. ಪುಶ್ ಮತ್ತು ಪುಲ್ ಸಪ್ಲೈ ಚೈನ್‌ಗಳ ವ್ಯತ್ಯಾಸದ ಟೇಬಲ್ ನನಗೆ ಬಾಯಿಪಾಠ ಆಗಿದೆ. ಆದರೆ ಪರೀಕ್ಷೆಯಲ್ಲಿ ಒಂದು ಕಂಪನಿಯ ಕಥೆ ಕೊಟ್ಟು, ಇದು ಯಾವ ಬಗೆ, ಇಲ್ಲಿ ಪೋಸ್ಟ್‌ಪೋನ್‌ಮೆಂಟ್ ಉಪಯೋಗಕ್ಕೆ ಬರುತ್ತದಾ ಅಂತ ಕೇಳಿದರೆ ಪೆನ್ನು ಓಡುವುದಿಲ್ಲ. ಎಲ್ಲಿಂದ ಶುರು ಮಾಡಲಿ?"
— ಒಬ್ಬ ಓದುಗರು, ಧಾರವಾಡ

ಟೇಬಲ್ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಕಥೆ ಓದುವಾಗ ಒಂದೇ ವಿಷಯ ಹುಡುಕಿ: ಗ್ರಾಹಕರ ಆರ್ಡರ್ ಯಾವ ಹಂತದಲ್ಲಿ ಬಂತು? ಆರ್ಡರ್ ಬರುವ ಮುಂಚೆ ನಡೆದ ಕೆಲಸವೆಲ್ಲ ಅಂದಾಜಿನ ಮೇಲೆ ನಡೆದದ್ದು. ಅದು ಪುಶ್. ಆರ್ಡರ್ ಕೈಗೆ ಸಿಕ್ಕಿದ ಮೇಲೆ ನಡೆಯುವುದು ಪುಲ್. ಹಾಗಾಗಿ 'ಈ ಕಂಪನಿ ಪುಶ್' ಅಥವಾ 'ಈ ಕಂಪನಿ ಪುಲ್' ಅಂತ ಒಂದೇ ಹೆಸರು ಹಚ್ಚಿದರೆ ಉತ್ತರ ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲುತ್ತದೆ. ಹೆಚ್ಚಿನ ಕಂಪನಿಗಳಲ್ಲಿ ಎರಡೂ ಇರುತ್ತವೆ. ನೀವು ತೋರಿಸಬೇಕಾದದ್ದು ಅವೆರಡರ ನಡುವಿನ ಗಡಿ ಎಲ್ಲಿದೆ ಎನ್ನುವುದನ್ನು.

ಡೆಲ್ ಕಂಪನಿಯನ್ನೇ ನೋಡಿ. ಪುಲ್‌ಗೆ ಉದಾಹರಣೆ ಅಂತ ಎಲ್ಲರೂ ಬರೆಯುವ ಹೆಸರು ಅದು. ಗ್ರಾಹಕರಿಂದ ನೇರವಾಗಿ ಆರ್ಡರ್ ತೆಗೆದುಕೊಂಡು, ಆಮೇಲೆ ಕಂಪ್ಯೂಟರ್ ಜೋಡಿಸಿ ಕಳಿಸುವುದು ಅದಕ್ಕೆ ಹೆಸರು ತಂದ ಪದ್ಧತಿ. ಆದರೆ ಒಳಗಿನ ಪ್ರೊಸೆಸರ್, ಹಾರ್ಡ್ ಡಿಸ್ಕ್ ಆರ್ಡರ್ ಬಂದ ಮೇಲೆ ತಯಾರಾಗಿದ್ದಲ್ಲ. ಅವು ಮೊದಲೇ, ಅಂದಾಜಿನ ಮೇಲೆ ತಯಾರಾಗಿ ಕಾದಿದ್ದವು. ಜೋಡಣೆ ಪುಲ್, ಬಿಡಿಭಾಗ ಪುಶ್. 'ಪುಲ್‌ನಲ್ಲಿ ಸ್ಟಾಕ್ ಇರುವುದಿಲ್ಲ' ಅಂತ ಬರೆಯುವವರು ಎಡವುವುದು ಇಲ್ಲೇ. ಸ್ಟಾಕ್ ಮಾಯವಾಗುವುದಿಲ್ಲ, ಗಡಿಯ ಹಿಂದಕ್ಕೆ ಸರಿಯುತ್ತದೆ.

ಪೋಸ್ಟ್‌ಪೋನ್‌ಮೆಂಟ್ ಅಂದರೆ ಈ ಗಡಿಯನ್ನು ಬೇಕೆಂದೇ ಒಂದು ಜಾಗದಲ್ಲಿ ಇಡುವುದು. ಒಂದು ಸರಕು ಹಲವು ಬಗೆಯಾಗಿ ಒಡೆಯುವ ಹಂತವನ್ನು ಆರ್ಡರ್ ಹತ್ತಿರಕ್ಕೆ ತಳ್ಳುವುದು. ಇದಕ್ಕೆ ನಮ್ಮೂರ ಬಣ್ಣದ ಅಂಗಡಿ ಸಾಕು. ಶೇಡ್ ಕಾರ್ಡ್‌ನಲ್ಲಿ ಸಾವಿರಕ್ಕೂ ಹೆಚ್ಚು ಬಣ್ಣ ಇರಬಹುದು. ಅಂಗಡಿಯವರ ಹತ್ತಿರ ಇರುವುದು ಕೆಲವೇ ಬಗೆಯ ಬೇಸ್ ಡಬ್ಬಿ, ಒಂದು ಟಿಂಟಿಂಗ್ ಮಷಿನ್, ಅದರೊಳಗೆ ಒಂದಿಷ್ಟು ಕಲರೆಂಟ್. ನೀವು ಶೇಡ್ ನಂಬರ್ ಹೇಳಿದ ಮೇಲೆಯೇ ಆ ಡಬ್ಬಿಗೆ ಬಣ್ಣ ಬೀಳುತ್ತದೆ. ಬೇಸ್ ಅಂಗಡಿ ತಲುಪುವ ತನಕ ಪುಶ್, ಆಮೇಲಿನ ಕೆಲವು ನಿಮಿಷ ಪುಲ್. ಗ್ರಾಹಕರು ಅಷ್ಟು ಹೊತ್ತು ಕಾಯಲು ತಯಾರಿರುತ್ತಾರೆ, ಅಲ್ವಾ? ಗಡಿ ಎಲ್ಲಿರಬೇಕು ಅಂತ ತೀರ್ಮಾನ ಆಗುವುದು ಈ ಕಾಯುವ ಸಮಯದಿಂದಲೇ. ಗಡಿಯ ನಂತರದ ಕೆಲಸವೆಲ್ಲ ಅಷ್ಟರೊಳಗೆ ಮುಗಿಯಬೇಕು.

ಪರೀಕ್ಷೆಗೆ ಒಂದೇ ಉದಾಹರಣೆ ಆಳವಾಗಿ ಓದಿಕೊಳ್ಳುವುದಾದರೆ ನಾನು ಹೇಳುವುದು ಎಚ್‌ಪಿ ಡೆಸ್ಕ್‌ಜೆಟ್ ಪ್ರಿಂಟರ್. 1988ರಲ್ಲಿ ಮಾರುಕಟ್ಟೆಗೆ ಬಂತು. ತಯಾರಾಗುತ್ತಿದ್ದದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ನಲ್ಲಿ. ಯುರೋಪಿನ ವಿತರಣಾ ಕೇಂದ್ರಕ್ಕೆ ಹಡಗಿನಲ್ಲಿ ಹೋಗಲು ಸುಮಾರು ಒಂದು ತಿಂಗಳು ಬೇಕು. ಎಲ್ಲ ದೇಶಕ್ಕೂ ಪ್ರಿಂಟರ್ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಪವರ್ ಸಪ್ಲೈ, ಪ್ಲಗ್ ಮತ್ತು ಆಯಾ ಭಾಷೆಯ ಕೈಪಿಡಿ. ಆದರೆ ಅಷ್ಟನ್ನು ಕಾರ್ಖಾನೆಯಲ್ಲೇ ಸೇರಿಸುತ್ತಿದ್ದರು. ಅಂದರೆ ಯಾವ ದೇಶಕ್ಕೆ ಎಷ್ಟು ಅಂತ ತಿಂಗಳ ಮುಂಚೆಯೇ ತೀರ್ಮಾನ ಆಗಿಬಿಡುತ್ತಿತ್ತು. ಇದರ ಫಲ ಏನು? ಒಂದು ದೇಶದ ಪ್ರಿಂಟರ್ ಖಾಲಿ, ಪಕ್ಕದ ದೇಶದ್ದು ಗೋದಾಮಿನಲ್ಲಿ ರಾಶಿ. ಒಟ್ಟು ಲೆಕ್ಕದಲ್ಲಿ ಪ್ರಿಂಟರ್ ಇದೆ, ಬೇಕಾದ ಬಗೆ ಮಾತ್ರ ಇಲ್ಲ. ಪರೀಕ್ಷೆಯ ಕಥೆಯಲ್ಲಿ ಒಂದೇ ಸಮಯಕ್ಕೆ ಕೊರತೆಯೂ ಇದೆ, ರಾಶಿಯೂ ಇದೆ ಅಂತ ಕಂಡರೆ ಆ ವಾಕ್ಯದ ಕೆಳಗೆ ಗೆರೆ ಎಳೆಯಿರಿ. ಪೋಸ್ಟ್‌ಪೋನ್‌ಮೆಂಟ್ ಯೋಚಿಸಲು ಅದು ದೊಡ್ಡ ಸುಳಿವು.

ಎಚ್‌ಪಿ ಮಾಡಿದ್ದು ಇಷ್ಟು. ಎಲ್ಲರಿಗೂ ಹೊಂದುವ ಒಂದೇ ಪ್ರಿಂಟರ್ ಕಳಿಸಿತು. ಪವರ್ ಸಪ್ಲೈ ಮತ್ತು ಕೈಪಿಡಿಯನ್ನು ವಿತರಣಾ ಕೇಂದ್ರದಲ್ಲಿ ಸೇರಿಸಿತು. ಇದು ಸುಮ್ನೆ ಆಗಲಿಲ್ಲ. ಪವರ್ ಸಪ್ಲೈಯನ್ನು ಕೊನೆಯಲ್ಲಿ ಸಿಕ್ಕಿಸಲು ಬರುವಂತೆ ಪ್ರಿಂಟರ್‌ನ ವಿನ್ಯಾಸ ಬದಲಾಗಬೇಕಿತ್ತು. ಪೆಟ್ಟಿಗೆ ಹೊರಡಿಸುವುದಷ್ಟೇ ಗೊತ್ತಿದ್ದ ವಿತರಣಾ ಕೇಂದ್ರ ಜೋಡಣೆ ಕೆಲಸವನ್ನೂ ಹೊರಬೇಕಾಯಿತು. ಈ ಎರಡು ಮಾತು ಉತ್ತರದಲ್ಲಿ ಇರಲೇಬೇಕು ಅಂತ ನನ್ನ ಅಭಿಪ್ರಾಯ. ಹೆಚ್ಚಿನವರು ಬರೆಯುವುದೇ ಇಲ್ಲ.

ಇದರಿಂದ ಸ್ಟಾಕ್ ಯಾಕೆ ಇಳಿಯುತ್ತದೆ? ಇಲ್ಲಿ ಒಂದು ಲೆಕ್ಕ ಹಾಕಿ ತೋರಿಸಿದರೆ ಉತ್ತರಕ್ಕೆ ತೂಕ ಬರುತ್ತದೆ. ಅಂಕಿಗಳು ನಾನು ಕಲ್ಪಿಸಿಕೊಂಡವು. ನಾಲ್ಕು ದೇಶ, ಪ್ರತಿಯೊಂದರಲ್ಲೂ ತಿಂಗಳಿಗೆ ಸರಾಸರಿ 1000 ಪ್ರಿಂಟರ್ ಬೇಡಿಕೆ, ಏರಿಳಿತ ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ 200. ಸರಕು ಬರಲು ಒಂದು ತಿಂಗಳು. ಸರಕು ಖಾಲಿಯಾಗದಿರುವ ಸಾಧ್ಯತೆ ಶೇಕಡಾ 95 ಇರಬೇಕು, ಅಂದರೆ ಶೇಕಡಾ 95 ಸರ್ವಿಸ್ ಲೆವೆಲ್. ಅದಕ್ಕೆ ಗುಣಕ 1.65 ಹಿಡಿಯಿರಿ. ಪ್ರತಿ ದೇಶಕ್ಕೂ ಬೇರೆ ಬೇರೆ ಪ್ರಿಂಟರ್ ಇಟ್ಟರೆ, ಬೇಡಿಕೆ ಸರಾಸರಿ ಮೀರಿದಾಗ ಬೇಕಾಗುವ ಹೆಚ್ಚುವರಿ ಸರಕು, ಅಂದರೆ ಸೇಫ್ಟಿ ಸ್ಟಾಕ್ ಹೀಗೆ:

`1.65 × 200 × 4 = 1320`

ಒಂದೇ ಪ್ರಿಂಟರ್ ಇಟ್ಟು ಕೊನೆಯಲ್ಲಿ ಬದಲಿಸಿದರೆ ನಾಲ್ಕೂ ದೇಶದ ಬೇಡಿಕೆ ಒಂದೇ ರಾಶಿಯಿಂದ ಹೋಗುತ್ತದೆ. ಒಂದು ಕಡೆ ಬೇಡಿಕೆ ಏರಿದಾಗ ಇನ್ನೊಂದು ಕಡೆ ಇಳಿದಿರಬಹುದು. ಆಗ ಏರಿಳಿತ ನಾಲ್ಕು ಪಟ್ಟು ಆಗುವುದಿಲ್ಲ, 4ರ ವರ್ಗಮೂಲದಷ್ಟು ಪಟ್ಟು, ಅಂದರೆ ಎರಡು ಪಟ್ಟು ಆಗುತ್ತದೆ:

`1.65 × 200 × √4 = 660`

ಸೇಫ್ಟಿ ಸ್ಟಾಕ್ ಅರ್ಧಕ್ಕೆ ಇಳಿಯಿತು. ಸರಾಸರಿ ಬೇಡಿಕೆಯ 4000 ಪ್ರಿಂಟರ್ ಮಾತ್ರ ಹಾಗೆಯೇ ಬೇಕು, ಅದರಲ್ಲಿ ಉಳಿತಾಯ ಇಲ್ಲ. ಈ ಲೆಕ್ಕದ ಹಿಂದೆ ಒಂದು ಷರತ್ತು ಇದೆ, ಅದನ್ನು ಮರೆಯಬೇಡಿ: ನಾಲ್ಕು ದೇಶದ ಬೇಡಿಕೆಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಏರಿಳಿಯಬೇಕು. ಎಲ್ಲ ಕಡೆ ಒಟ್ಟಿಗೆ ಏರಿ, ಒಟ್ಟಿಗೆ ಇಳಿಯುವುದಾದರೆ ಒಟ್ಟು ಏರಿಳಿತ 800. ಆಗ ಸೇಫ್ಟಿ ಸ್ಟಾಕ್ ಮತ್ತೆ 1320. ಒಂದು ಪ್ರಿಂಟರ್‌ನಷ್ಟೂ ಲಾಭ ಇಲ್ಲ.

ಇನ್ನು ಖರ್ಚಿನ ಕಡೆ. ಇದಕ್ಕೆ ಇಟಲಿಯ ಬೆನೆಟನ್ ಒಳ್ಳೆಯ ಉದಾಹರಣೆ. ಅವರು ಕೆಲವು ಸ್ವೆಟರ್‌ಗಳನ್ನು ಬಣ್ಣ ಹಾಕದ ನೂಲಿನಲ್ಲಿ ಮೊದಲು ಹೆಣೆದಿಟ್ಟು, ಆ ಸೀಸನ್‌ಗೆ ಯಾವ ಬಣ್ಣ ಓಡುತ್ತಿದೆ ಅಂತ ನೋಡಿ ಆಮೇಲೆ ಬಣ್ಣ ಹಾಕುತ್ತಿದ್ದರು. ನೂಲಿಗೆ ಬಣ್ಣ ಹಾಕುವುದಕ್ಕಿಂತ ಹೆಣೆದ ಬಟ್ಟೆಗೆ ಹಾಕುವುದು ದುಬಾರಿ. ಹಾಗಾಗಿ ಪ್ರತಿ ವರ್ಷ ಖಂಡಿತ ಮಾರಾಟ ಆಗುವ ಬಣ್ಣಕ್ಕೆ ಈ ದಾರಿ ಹಿಡಿದರೆ ನಷ್ಟ. ಅಂದಾಜು ತಪ್ಪುವ ಬಣ್ಣಗಳಿಗೆ ಮಾತ್ರ ಆ ಹೆಚ್ಚಿನ ಖರ್ಚು ಹೊರುವುದು ಸರಿ. 'ಎಲ್ಲ ಸರಕಿಗೂ ಪೋಸ್ಟ್‌ಪೋನ್‌ಮೆಂಟ್ ಮಾಡಬೇಕು' ಅಂತ ಬರೆದರೆ ಈ ತರ್ಕ ನಿಮಗೆ ಹತ್ತಿಲ್ಲ ಅಂತ ಮೌಲ್ಯಮಾಪಕರಿಗೆ ಗೊತ್ತಾಗಿಬಿಡುತ್ತದೆ. ಒಂದು ಭಾಗ ಅಂದಾಜಿನ ಮೇಲೆ, ಉಳಿದದ್ದು ತಡವಾಗಿ ಅಂತ ಹಂಚಿ ಬರೆಯಿರಿ. ಯಾಕೆ ಹಾಗೆ ಹಂಚಿದಿರಿ ಅಂತಲೂ ಹೇಳಿ.

ಅಭ್ಯಾಸಕ್ಕೆ ಉಪ್ಪಿನ ಪ್ಯಾಕೆಟ್ ತೆಗೆದುಕೊಳ್ಳಿ. ಬಗೆಗಳು ಕಡಿಮೆ, ಬೇಡಿಕೆ ಜಾಸ್ತಿ ಏರಿಳಿಯುವುದಿಲ್ಲ, ಅಂಗಡಿಗೆ ಬಂದವರು ಒಂದು ನಿಮಿಷವೂ ಕಾಯುವುದಿಲ್ಲ. ಇಲ್ಲಿ ಗಡಿ ಅಂಗಡಿಯ ಶೆಲ್ಫ್‌ನಲ್ಲೇ ಇರಬೇಕು, ಪೋಸ್ಟ್‌ಪೋನ್‌ಮೆಂಟ್‌ನಿಂದ ಏನೂ ಸಿಗುವುದಿಲ್ಲ. ಆಮೇಲೆ ಮಾಡ್ಯುಲರ್ ಕಿಚನ್ ತೆಗೆದುಕೊಳ್ಳಿ. ಪ್ಲೈವುಡ್ ಹಲಗೆ, ಹಿಂಜ್, ಚಾನೆಲ್ ಎಲ್ಲರಿಗೂ ಒಂದೇ. ಅಳತೆ, ಲ್ಯಾಮಿನೇಟ್ ಬಣ್ಣ ಒಬ್ಬೊಬ್ಬರಿಗೆ ಒಂದೊಂದು, ಗ್ರಾಹಕರು ವಾರಗಟ್ಟಲೆ ಕಾಯುತ್ತಾರೆ. ಇದಕ್ಕೆ ಗಡಿ ಎಲ್ಲಿ ಎಳೆಯುತ್ತೀರಿ, ಯಾಕೆ ಅಂತ ಅರ್ಧ ಪುಟ ಬರೆದು ನಮಗೆ ಕಳಿಸಿ. ಓದಿ ಉತ್ತರಿಸುತ್ತೇನೆ.

— ಸಂಪಾದಕ