ಸ್ಕಿಪ್ಪಿಂಗ್: ಮೊದಲು ಲಯ, ಆಮೇಲೆ ಸ್ಪೀಡ್

ಪ್ರಶ್ನೆ: ನಾನು ಪಿಟಿ ಟೀಚರ್. ಏಳನೇ ತರಗತಿಗೆ ಆರು ವಾರ, ವಾರಕ್ಕೆ ಎರಡು ಪಿರಿಯಡ್ ಸ್ಕಿಪ್ಪಿಂಗ್ ಇಟ್ಟುಕೊಂಡಿದ್ದೇನೆ. ಅರ್ಧ ಮಕ್ಕಳು ಹತ್ತು ಜಿಗಿತ ದಾಟುವುದಿಲ್ಲ. ಉಳಿದವರು ಮೊದಲ ದಿನದಿಂದಲೇ ಸ್ಪೀಡ್ ಬೇಕು ಅನ್ನುತ್ತಾರೆ. ನಿಧಾನಕ್ಕೆ ಮಾಡಿಸಿದರೆ ಎಲ್ಲರೂ ಸುಧಾರಿಸುತ್ತಾರೆ ಅಂದುಕೊಂಡೆ, ಆಗಲಿಲ್ಲ. ಹೇಗೆ ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗಲಿ?

ಉತ್ತರ: ಮೇಡಂ, ನಿಧಾನಕ್ಕೆ ಮಾಡಿಸಿದ್ದೇ ತೊಡಕಾಗಿರಬೇಕು. ಹಗ್ಗ ನಿಧಾನವಾಗಿ ಸುತ್ತಿದಾಗ ಮಗು ಒಂದು ಸಲ ಹಗ್ಗ ದಾಟುತ್ತದೆ. ಆಮೇಲೆ ಹಗ್ಗ ಮತ್ತೆ ಬರುವವರೆಗೆ ಸುಮ್ನೆ ನಿಲ್ಲಲಾಗದೆ ನಡುವೆ ಇನ್ನೊಂದು ಪುಟ್ಟ ಕುಪ್ಪಳಿಕೆ ಹಾಕುತ್ತದೆ. ಹಗ್ಗ ಒಂದು ಸುತ್ತು, ಕಾಲು ಎರಡು ಸಲ. ಇದನ್ನು ಜೋಡಿ ಜಿಗಿತ ಅನ್ನೋಣ. ಹಗ್ಗ ನಿಮಿಷಕ್ಕೆ 60 ಸುತ್ತು ತಿರುಗಿದರೆ ಕಾಲು ಆಗಲೇ 120 ಸಲ ಕುಪ್ಪಳಿಸುತ್ತಿರುತ್ತದೆ. ಅಂದರೆ ಕಾಲಿಗೆ ಬೇಕಾದ ವೇಗ ಮಗುವಿನಲ್ಲಿ ಈಗಲೇ ಇದೆ. ವೇಗ ಕಲಿಯಬೇಕಾಗಿರುವುದು ಕೈ.

ಮೊದಲ ದಿನ ಹಗ್ಗದ ಉದ್ದ ನೋಡಿ. ಹಗ್ಗದ ನಡುವೆ ಒಂದು ಕಾಲಿಟ್ಟು ಎರಡೂ ಹಿಡಿಗಳನ್ನು ಮೇಲಕ್ಕೆ ಎಳೆದರೆ ಹಿಡಿಯ ತುದಿ ಕಂಕುಳಿನ ಹತ್ತಿರ ಬರಬೇಕು. ಕಲಿಯುವವರಿಗೆ ಮಣಿ ಪೋಣಿಸಿದ ಹಗ್ಗ ಒಳ್ಳೆಯದು. ಅದಕ್ಕೆ ತೂಕ ಇರುತ್ತದೆ, ಗಾಳಿಯಲ್ಲಿ ಆಕಾರ ಕೆಡುವುದಿಲ್ಲ, ನೆಲಕ್ಕೆ ತಾಗಿದಾಗ ಟಕ್ ಅನ್ನುತ್ತದೆ. ಆ ಸದ್ದು ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ. ತಂತಿಯ ಹಗ್ಗ ಈ ಹಂತದಲ್ಲಿ ಬೇಡ. ಕಾಲಿಗೆ ಬಡಿದರೆ ಬಾಸುಂಡೆ ಏಳುತ್ತದೆ, ಆಮೇಲೆ ಆ ಮಗು ಹೆದರಿಕೆಯಿಂದ ಎತ್ತರಕ್ಕೆ ಹಾರಲು ಶುರು ಮಾಡುತ್ತದೆ.

ಮೊದಲ ಎರಡು ವಾರದ ಕೆಲಸ ಒಂದೇ, ಜೋಡಿ ಜಿಗಿತವನ್ನು ಒಂಟಿ ಜಿಗಿತ ಮಾಡುವುದು. ಮೊಬೈಲ್‌ನಲ್ಲಿ ಒಂದೇ ಸಮನೆ ತಾಳ ಹಾಕುವ ಮೆಟ್ರೊನೋಮ್ ಹಾಕಿ ನಿಮಿಷಕ್ಕೆ 120ಕ್ಕೆ ಇಡಿ. ಮೊದಲು ಹಗ್ಗವೇ ಇಲ್ಲದೆ, ತಾಳಕ್ಕೆ ಒಂದೊಂದು ಪುಟ್ಟ ಜಿಗಿತ. ಪಾದ ನೆಲದಿಂದ ಎರಡು ಮೂರು ಸೆಂಟಿಮೀಟರ್ ಎದ್ದರೆ ಸಾಕು. ಮುಂಗಾಲಿನ ಮೇಲೆ ಇಳಿಯಬೇಕು, ಮೊಣಕಾಲು ಚೂರು ಮಡಿಚಿರಬೇಕು. ಆಮೇಲೆ ಎರಡೂ ಹಿಡಿಗಳನ್ನು ಒಂದೇ ಕೈಯಲ್ಲಿ ಹಿಡಿದು ಹಗ್ಗವನ್ನು ಪಕ್ಕದಲ್ಲಿ ತಿರುಗಿಸುತ್ತಾ, ಟಕ್ ಸದ್ದಿಗೆ ಸರಿಯಾಗಿ ಜಿಗಿಯಲಿ. ಎಡಗೈಗೂ ಅಷ್ಟೇ ಹೊತ್ತು ಕೊಡಿ. ತಾಳ, ಸದ್ದು, ಕಾಲು ಮೂರೂ ಒಟ್ಟಿಗೆ ಬಿದ್ದ ಮೇಲೆ ಹಗ್ಗವನ್ನು ಎರಡೂ ಕೈಗೆ ಕೊಡಿ. ಮೊದಲು ನಾಲ್ಕೇ ಜಿಗಿತ, ನಿಲ್ಲಿಸಿ. ಮತ್ತೆ ನಾಲ್ಕು. ನಾಲ್ಕು ಸರಾಗವಾದರೆ ಎಂಟು. ಸಿಕ್ಕಿಕೊಳ್ಳುವವರೆಗೂ ಹಾರು ಅಂತ ಬಿಟ್ಟರೆ ಮಗು ಪ್ರತಿ ಸಲ ತಪ್ಪಿನಲ್ಲೇ ಮುಗಿಸುತ್ತದೆ, ಅದು ಬೇಡ.

ಹತ್ತು ಹನ್ನೆರಡಕ್ಕೆ ಸರಿಯಾಗಿ ನಿಂತುಬಿಡುವ ಮಕ್ಕಳು ನಿಮ್ಮಲ್ಲೂ ಇದ್ದಾರಲ್ವಾ? ಅಂಥವರನ್ನು ನೋಡುವಾಗ ಕಾಲನ್ನು ಬಿಟ್ಟು ಕೈ ನೋಡಿ. ಒಂದು ಹುಡುಗಿ ಹನ್ನೆರಡನೆಯ ಜಿಗಿತಕ್ಕೆ ಸಿಕ್ಕಿಕೊಳ್ಳುತ್ತಾಳೆ ಅಂತಿಟ್ಟುಕೊಳ್ಳಿ. ಎದುರಿಗೆ ನಿಂತು ನೋಡಿದರೆ ಮೊದಲ ನಾಲ್ಕು ಜಿಗಿತದಲ್ಲಿ ಅವಳ ಕೈ ಸೊಂಟದ ಪಕ್ಕದಲ್ಲೇ ಇರುತ್ತದೆ. ಎಂಟನೆಯದಕ್ಕೆ ಮೊಣಕೈ ಪಕ್ಕೆಯಿಂದ ದೂರ ಸರಿಯುತ್ತದೆ. ಹತ್ತರ ಹೊತ್ತಿಗೆ ತೋಳು ಪೂರ್ತಿ ಅಗಲವಾಗಿರುತ್ತದೆ. ಕೈ ಅಗಲವಾದಷ್ಟೂ ಹಗ್ಗದ ಬಳೆ ಚಿಕ್ಕದಾಗುತ್ತದೆ, ಪಾದದ ಕೆಳಗೆ ಜಾಗ ಉಳಿಯುವುದಿಲ್ಲ. ಹಗ್ಗ ಹೆಬ್ಬೆರಳಿಗೆ ತಾಗಿ ನಿಲ್ಲುತ್ತದೆ. ಅವಳಿಗೆ ಇನ್ನೂ ಎತ್ತರ ಹಾರು ಅಂದರೆ ಪ್ರಯೋಜನ ಇಲ್ಲ. ಎತ್ತರಕ್ಕೆ ಹಾರಿದರೆ ಗಾಳಿಯಲ್ಲಿ ಇರುವ ಹೊತ್ತು ಜಾಸ್ತಿಯಾಗುತ್ತದೆ, ತಾಳ ತಪ್ಪುತ್ತದೆ, ಸುಸ್ತೂ ಬೇಗ ಬರುತ್ತದೆ. ಬದಲಿಗೆ ಎರಡೂ ಕಂಕುಳಿನಲ್ಲಿ ಮಡಿಚಿದ ಕರವಸ್ತ್ರ ಸಿಕ್ಕಿಸಿ, ಅದು ಬೀಳದ ಹಾಗೆ ಹಗ್ಗ ತಿರುಗಿಸಲು ಹೇಳಿ. ಭುಜದಿಂದ ತಿರುಗಿಸಿದರೆ ಕರವಸ್ತ್ರ ಬೀಳುತ್ತದೆ, ಮಣಿಕಟ್ಟಿನಿಂದ ತಿರುಗಿಸಿದರೆ ಬೀಳುವುದಿಲ್ಲ. ತಪ್ಪು ಅವಳಿಗೇ ಗೊತ್ತಾಗುತ್ತದೆ, ನೀವು ಕೂಗಿ ಹೇಳಬೇಕಾಗಿಲ್ಲ. ಇನ್ನು ಹಿಮ್ಮಡಿಯನ್ನು ಹಿಂದಕ್ಕೆ ಎತ್ತಿ ಒದೆಯುವವರೂ ಇರುತ್ತಾರೆ. ಅವರನ್ನು ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿಗೂ ಗೋಡೆಗೂ ಒಂದು ಗೇಣು ಬಿಟ್ಟು ನಿಲ್ಲಿಸಿ, ಹಗ್ಗವಿಲ್ಲದೆ ಹಾರಿಸಿ. ಒದ್ದರೆ ಗೋಡೆ ತಾಗುತ್ತದೆ.

ಮುಂದಿನ ಹಂತಕ್ಕೆ ಯಾವಾಗ? 120ರ ತಾಳಕ್ಕೆ ಮಗು ಸಿಕ್ಕಿಕೊಳ್ಳದೆ 30 ಒಂಟಿ ಜಿಗಿತ ಮುಗಿಸಿ, ಮುಗಿದ ಕೂಡಲೇ ಮಾತಾಡಲು ಆಗುವಷ್ಟು ಉಸಿರು ಉಳಿದಿದ್ದರೆ ಮುಂದಕ್ಕೆ ಕಳಿಸಿ. ವಾರದ ಲೆಕ್ಕ ನೋಡಬೇಡಿ. ಇಡೀ ತರಗತಿ ಒಂದೇ ದಿನ ಮೇಲಕ್ಕೆ ಹೋಗಬೇಕು ಅನ್ನುವ ಹಟದಿಂದಲೇ ಅರ್ಧ ಮಕ್ಕಳು ಹಿಂದೆ ಉಳಿಯುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. ಮೈದಾನದಲ್ಲಿ ಮೂರು ಗೆರೆ ಎಳೆದು, ತಯಾರಾದವರು ಮುಂದಿನ ಗೆರೆಗೆ ಹೋಗಲಿ.

ಎರಡನೇ ಗೆರೆ ಲಯದ್ದು. ಇಲ್ಲಿ ವೇಗ ಹೆಚ್ಚಿಸಬೇಡಿ, ಅದೇ ತಾಳದಲ್ಲಿ ಕಾಲಿನ ಕೆಲಸ ಬದಲಾಯಿಸಿ. ಎಂಟರ ಎಣಿಕೆ ಇಟ್ಟುಕೊಳ್ಳಿ. ನಾಲ್ಕು ಜಿಗಿತ ಎರಡೂ ಕಾಲಲ್ಲಿ, ನಾಲ್ಕು ಎಡ ಬಲ ಎಡ ಬಲ. ಇದು ಕೂತ ಮೇಲೆ ನಾಲ್ಕು ಜಿಗಿತ, ಆಮೇಲೆ ಹಗ್ಗವನ್ನು ಎಡ ಪಕ್ಕಕ್ಕೆ ಎರಡು ಸುತ್ತು, ಬಲ ಪಕ್ಕಕ್ಕೆ ಎರಡು ಸುತ್ತು, ಮತ್ತೆ ಒಳಕ್ಕೆ. ಪಕ್ಕದ ಸುತ್ತಿನಿಂದ ಒಳಗೆ ಬರುವಾಗ ಬಹಳ ಮಕ್ಕಳು ಎಡವುತ್ತಾರೆ, ಯಾಕಂದರೆ ಕೈ ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿ ತಾಳ ಒಂದು ಚೂರು ಹಿಂದೆ ಬೀಳುತ್ತದೆ. ಬಾಯಲ್ಲಿ ಎಣಿಸಲು ಹೇಳಿ. ಬಾಯಿ ನಿಂತರೆ ಕಾಲೂ ನಿಲ್ಲುತ್ತದೆ. ಹಾಡಿಗೆ ಹಾರಿಸುವುದಾದರೆ ಮೊದಲು ಅದರ ತಾಳವನ್ನು ಮೆಟ್ರೊನೋಮ್ ಜೊತೆ ಹೋಲಿಸಿ ನೋಡಿ. ಮಕ್ಕಳು ಕೇಳುವ ಹಾಡು ಎಷ್ಟೋ ಸಲ ಇದಕ್ಕೆ ವೇಗ ಸಾಲದು.

ಮೂರನೇ ಗೆರೆ ಸ್ಪೀಡ್‌ದು. ಸ್ಪೀಡ್‌ಗೆ ಎರಡೂ ಕಾಲಲ್ಲಿ ಜೋರಾಗಿ ಹಾರುವುದು ದಾರಿಯಲ್ಲ. ಕಾಲು ಬದಲಿಸುತ್ತಾ ಓಡಿದ ಹಾಗೆ ಹಾರಬೇಕು, ಒಂದು ಹೆಜ್ಜೆಗೆ ಹಗ್ಗ ಒಂದು ಸುತ್ತು. ಹೀಗೆ ಮಾಡಿದರೆ ಪ್ರತಿ ಕಾಲು ನೆಲಕ್ಕೆ ಇಳಿಯುವುದು ಅರ್ಧದಷ್ಟು ಸಲ ಮಾತ್ರ. ಸ್ಪರ್ಧೆಗಳಲ್ಲಿ ಎಣಿಸುವ ಹಾಗೆ ಬಲಗಾಲು ಮಾತ್ರ ಎಣಿಸಿ, ಎಣಿಸುವವರಿಗೂ ಸುಲಭ. 15 ಸೆಕೆಂಡ್ ಹಾರುವುದು, 45 ಸೆಕೆಂಡ್ ಬಿಡುವು, ನಾಲ್ಕು ಸಲ. ಬಿಡುವಿನಲ್ಲಿ ಜೊತೆಗಾರ ಹಾರಲಿ, ಇವರು ಅವನದನ್ನು ಎಣಿಸಲಿ. ಮೊದಲು ತಾಳ 140, ನೆಲೆ ಸಿಕ್ಕ ಮೇಲೆ 160. 160ರಲ್ಲಿ ತಾಳ ತಪ್ಪದೆ ಹಾರಿದರೆ 15 ಸೆಕೆಂಡಿಗೆ 40 ಸುತ್ತು, ಬಲಗಾಲು 20. ಒಂದು ಸರದಿಯಲ್ಲಿ ಎರಡಕ್ಕಿಂತ ಜಾಸ್ತಿ ಸಲ ಸಿಕ್ಕಿಕೊಂಡರೆ ಆ ಮಗುವಿಗೆ ತಾಳ ಒಂದು ಮೆಟ್ಟಿಲು ಇಳಿಸಿ. ನಾಲ್ಕನೇ ಸರದಿಯ ಎಣಿಕೆ ಮೊದಲನೆಯದಕ್ಕಿಂತ ತೀರಾ ಬಿದ್ದರೆ ಬಿಡುವು ಸಾಲುತ್ತಿಲ್ಲ ಅಂತ ಅರ್ಥ.

ಒಂದು ಎಚ್ಚರ. ಮೊದಲ ವಾರ ಒಂದು ಪಿರಿಯಡ್‌ನಲ್ಲಿ ನಿಜವಾಗಿ ಹಾರುವ ಹೊತ್ತು ಒಟ್ಟು ಐದು ನಿಮಿಷ ದಾಟದಿರಲಿ. ಎರಡು ಪಿರಿಯಡ್ ನಡುವೆ ಒಂದು ದಿನವಾದರೂ ಬಿಡಿ. ಸಿಮೆಂಟಿನ ಮೇಲೆ ಬೇಡ, ಮರದ ನೆಲ ಅಥವಾ ರಬ್ಬರ್ ಹಾಸು ಇದ್ದರೆ ಒಳ್ಳೆಯದು. ಮೀನಖಂಡ ಪೂರ್ತಿ ಒಂದೆರಡು ದಿನ ಹಿಡಿದುಕೊಂಡ ಹಾಗಿದ್ದರೆ ಅದು ಸಾಮಾನ್ಯ. ಮೊಣಕಾಲಿನ ಕೆಳಗೆ ಕಾಲ್ಮೂಳೆಯ ಒಳಬದಿಯಲ್ಲಿ ಬೆರಳಿಟ್ಟು ತೋರಿಸುವ ಹಾಗೆ ನೋಯುತ್ತಿದ್ದರೆ, ಅಥವಾ ಹಿಮ್ಮಡಿಯ ಮೇಲಿನ ಭಾಗ ಬೆಳಿಗ್ಗೆ ಏಳುವಾಗ ಬಿಗಿದು ನೋಯುತ್ತಿದ್ದರೆ, ಆ ಮಗುವನ್ನು ಹಾರಿಸಬೇಡಿ. ಅದು ಮೆಟ್ರೊನೋಮ್ ನೋಡಿಕೊಳ್ಳಲಿ, ಎಣಿಸಲಿ. ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಕೊನೆಯ ವಾರ ಅಂಕ ಕೊಡುವಾಗ ಇಡೀ ತರಗತಿಗೆ ಒಂದೇ ಗುರಿ ಇಡಬೇಡಿ. ಯಾರು ಯಾವ ಗೆರೆಯಲ್ಲಿದ್ದಾರೋ ಆ ಗೆರೆಯ ಕೆಲಸವನ್ನು 30 ಸೆಕೆಂಡ್ ಮಾಡಲಿ. ಆ ಗೆರೆಗೆ ಬಂದ ದಿನ ಮಾಡಿದ 30 ಸೆಕೆಂಡಿನ ಎಣಿಕೆಯನ್ನೂ ಸಿಕ್ಕಿಕೊಂಡ ಸಲವನ್ನೂ ನೀವು ಬರೆದಿಟ್ಟುಕೊಂಡಿರುತ್ತೀರಿ. ಎರಡೂ ದಿನದ್ದನ್ನು ಪಕ್ಕ ಪಕ್ಕ ಇಟ್ಟು, ಸಿಕ್ಕಿಕೊಂಡ ಸಲ ಎಷ್ಟು ಕಡಿಮೆಯಾಯಿತು ಅನ್ನುವುದಕ್ಕೆ ಹೆಚ್ಚು ಅಂಕ ಕೊಡಿ.