ಹಾಳಾದ ಕವರ್ ಲಾಭದ ಪಾಲಿನಿಂದಲೇ ಹೋಗುತ್ತದೆ

“ಮಾನ್ಯ ಸಂಪಾದಕರೇ, ‘ಮೊಬೈಲ್ ಕವರ್: ಶೇ. 67 ಲಾಭ’ ಎಂಬ ಲೇಖನ ಕಳುಹಿಸಿದ್ದೇನೆ. ತಲಾ 40 ರೂಪಾಯಿಯಂತೆ 500 ಬ್ಯಾಕ್ ಕವರ್‌ಗಳ ಲಾಟ್, ಸಾಗಾಟಕ್ಕೆ 1,000 ರೂಪಾಯಿ. ಮಾರುವ ಬೆಲೆ 70, ಅಂದರೆ ಶೇ. 75 ಲಾಭ. 40 ಕವರ್ ಹಾಳಾಗಿ ಬಂದಿದ್ದರಿಂದ ಶೇ. 8 ಕಳೆದು ಶೇ. 67 ಎಂದು ತೋರಿಸಿದ್ದೇನೆ. ಪ್ರಕಟಣೆಗೆ ಆಗುತ್ತದೆಯೇ? ಏನು ತಿದ್ದಬೇಕು, ನೇರವಾಗಿ ಹೇಳಿ.”

ಈಗಿರುವ ಹಾಗೆ ಆಗುವುದಿಲ್ಲ. ಬರವಣಿಗೆ ಸಲೀಸಾಗಿದೆ, ಆದರೆ ಶೀರ್ಷಿಕೆಯ ಸಂಖ್ಯೆಯೇ ತಪ್ಪು. ಅದನ್ನು ನಂಬಿ ಯಾರಾದರೂ ಲಾಟ್ ಎತ್ತಿದರೆ ಕೈ ಸುಟ್ಟುಕೊಳ್ಳುತ್ತಾರೆ.

ತಪ್ಪು ಆಗಿರುವುದು 75ರಿಂದ 8 ಕಳೆದ ಜಾಗದಲ್ಲಿ. ಎರಡೂ ‘ಶೇಕಡಾ’ ಎಂದು ಕಂಡರೂ ಒಂದೇ ಜಾತಿಯವಲ್ಲ. 75 ಅನ್ನುವುದು ಕೊಂಡ ಹಣದ ಮೇಲೆ ಕಟ್ಟಿದ ಲೆಕ್ಕ, 8 ಅನ್ನುವುದು ಪೀಸ್‌ಗಳ ಎಣಿಕೆ. ಒಂದು ಕವರ್ ಹಾಳಾದರೆ ಅದಕ್ಕೆ ಕೊಟ್ಟ 40 ಮಾತ್ರ ಹೋಗುವುದಿಲ್ಲ, ಅದರಿಂದ ಗಲ್ಲಾಪೆಟ್ಟಿಗೆಗೆ ಬರಬೇಕಿದ್ದ 70 ಪೂರ್ತಿ ಹೋಗುತ್ತದೆ. 40 ಕವರ್‌ಗೆ 2,800 ರೂಪಾಯಿ. ನೀವು ಮಾಲಿಗೆ ಕೊಟ್ಟ 20,000ದಲ್ಲಿ ಇದು ಶೇ. 14. ಹಾಗಾಗಿ 75ರಿಂದ ಕಳೆಯಬೇಕಿದ್ದದ್ದು 14, ಉಳಿಯುವುದು 61. ಅನುಮಾನವಿದ್ದರೆ ಶೇಕಡಾವನ್ನು ಬದಿಗಿಟ್ಟು ಹಣದಲ್ಲೇ ನೋಡಿ: 460 ಕವರ್ 70ರಂತೆ 32,200, ಅದರಲ್ಲಿ 20,000 ಕಳೆದರೆ 12,200. ಇಪ್ಪತ್ತು ಸಾವಿರಕ್ಕೆ ಅದು ಶೇ. 61.

ಅದೂ ಸಾಗಾಟ ಬಿಟ್ಟು. ಒಮ್ಮೆ ಬಂದ ಆ 1,000 ರೂಪಾಯಿ ಮುಂದೆ ಲೇಖನದಲ್ಲಿ ಎಲ್ಲೂ ಪತ್ತೆಯಿಲ್ಲ. ಅದನ್ನು ಸೇರಿಸಿದರೆ ಅಸಲು 21,000, ಉಳಿಕೆ 11,200, ಲಾಭ ಸುಮಾರು ಶೇ. 53. ನಿಮ್ಮ 67 ಎಲ್ಲಿ, ಈ 53 ಎಲ್ಲಿ.

ನಾನಾದರೆ ಈ ಲೇಖನದಲ್ಲಿ ಶೇಕಡಾವನ್ನೇ ಹಿಂದಕ್ಕೆ ತಳ್ಳಿ, ಕವರ್‌ಗಳನ್ನೇ ಎಣಿಸುತ್ತಿದ್ದೆ. ಅಸಲು 21,000. ಒಂದಕ್ಕೆ 70ರಂತೆ ಆ ಹಣ ವಾಪಸು ಬರಲು ಸರಿಯಾಗಿ 300 ಕವರ್ ಮಾರಾಟವಾಗಬೇಕು. ಮುನ್ನೂರನೆಯದು ಹೋಗುವವರೆಗೆ ವ್ಯಾಪಾರಿಯ ಕೈಗೆ ಒಂದು ಪೈಸೆ ಲಾಭವಿಲ್ಲ. ಲಾಭ ಇರುವುದು ಉಳಿದ 200ರಲ್ಲಿ. ಈಗ 40 ಹಾಳಾದವು ಅಂದುಕೊಳ್ಳಿ. ಮೊದಲ 300ರಲ್ಲಿ ಒಂದೂ ಕಡಿಮೆಯಾಗುವುದಿಲ್ಲ, ಅಸಲು ಹುಟ್ಟಲೇಬೇಕಲ್ಲ. ನಲವತ್ತೂ ಹೋಗುವುದು ಲಾಭದ 200ರಿಂದಲೇ. ಇನ್ನೂರು 160ಕ್ಕೆ ಇಳಿಯಿತು. ಅಂದರೆ ಮಾಲಿನಲ್ಲಿ ಶೇ. 8 ಹಾಳಾದರೆ ಲಾಭದಲ್ಲಿ ಐದರಲ್ಲೊಂದು ಪಾಲು ಹಾರಿಹೋಯಿತು. 14,000 ಇರಬೇಕಿದ್ದದ್ದು 11,200 ಆದದ್ದು ಹೀಗೆ.

ಈ ಒಂದು ಪ್ಯಾರಾ ಬರೆದರೆ ಓದುಗ ತನ್ನ ಲಾಟ್‌ಗೂ ಲೆಕ್ಕ ಹಾಕಿಕೊಳ್ಳುತ್ತಾನೆ. ಮಾರ್ಜಿನ್ ಕಡಿಮೆ ಇದ್ದಷ್ಟೂ ಪೆಟ್ಟು ಜೋರು ಎಂಬುದೂ ಇದರಲ್ಲೇ ಕಾಣುತ್ತದೆ. ಅದೇ ಕವರನ್ನು 70ರ ಬದಲು 50ಕ್ಕೆ ಮಾರುವವನಿಗೆ ಅಸಲು ಹುಟ್ಟಲು 420 ಬೇಕು, ಲಾಭಕ್ಕೆ ಉಳಿಯುವುದು 80. ಅದರಲ್ಲಿ 40 ಹಾಳಾದರೆ ಅರ್ಧ ಲಾಭ ನೆಲಕಚ್ಚಿತು. ಇನ್ನು ಕೇಳುವವರಿಲ್ಲದ ಹಳೇ ಮಾಡೆಲ್‌ನ 40 ಕವರ್ ಗೂಟದಲ್ಲೇ ನೇತಾಡುತ್ತಾ ಉಳಿದರೆ ಆತ ವರ್ಷಪೂರ್ತಿ ದುಡಿದದ್ದು ಸಾಗಾಟದವನಿಗೆ. ಮಾರಾಟವಾಗದ ಒಳ್ಳೆಯ ಕವರ್‌ಗೂ ಒಡೆದ ಕವರ್‌ಗೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ನಿಮ್ಮ ಲೇಖನದಲ್ಲಿ ಯಾವ ಮಾಡೆಲ್‌ನವು ಎಷ್ಟು ಎಂಬ ಮಾತೇ ಇಲ್ಲ. ಎರಡು ಸಾಲಾದರೂ ಬೇಕು.

ನಾಲ್ಕನೇ ಪ್ಯಾರಾದಲ್ಲಿ “ನಷ್ಟ ತುಂಬಲು ಬೆಲೆಯನ್ನು ಶೇ. 8 ಏರಿಸಿದರೆ ಸಾಕು” ಎಂದಿದ್ದೀರಿ. ಸಾಲದು. 500 ಕವರ್ ತರಬೇಕಿದ್ದ 35,000ವನ್ನು ಈಗ 460 ತರಬೇಕು. ಭಾಗಿಸಿ ನೋಡಿ, ತಲಾ 76 ರೂಪಾಯಿ ಚಿಲ್ಲರೆ ಬರುತ್ತದೆ, ಏರಿಕೆ ಸುಮಾರು ಶೇ. 8.7. ವ್ಯತ್ಯಾಸ ಸಣ್ಣದು, ನಿಜ. ಆದರೆ ಐದರಲ್ಲೊಂದು ಹಾಳಾದ ಲಾಟ್‌ನಲ್ಲಿ ಏರಿಸಬೇಕಾದದ್ದು 20 ಅಲ್ಲ, 25. ಅಲ್ಲಿ ನಿಮ್ಮ ಸೂತ್ರ ಹಿಡಿದವನು ಚೆನ್ನಾಗಿ ಮುಗ್ಗರಿಸುತ್ತಾನೆ.

ಇಷ್ಟು ಲೆಕ್ಕದ ಮಾತು. ಮಾಲಿನ ಮಾತಿಗೆ ಬಂದರೆ, ‘ಹಾಳಾದ 40’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದೀರಿ. ನೀವು ಜೊತೆಗಿಟ್ಟ ಟಿಪ್ಪಣಿ ನೋಡಿದರೆ ಅದರಲ್ಲಿ 12ಕ್ಕೆ ಪ್ಯಾಕೆಟ್ ಮಾತ್ರ ಹರಿದಿದೆ, 18ರ ಮೇಲೆ ಗೀರು ಅಥವಾ ಹಳದಿ ಬಣ್ಣ, 10 ಮಾತ್ರ ನಿಜವಾಗಿ ಒಡೆದವು, ತೂತು ಸರಿಯಿಲ್ಲದವು. ಲೇಖನದ ಜೀವ ಇರುವುದೇ ಈ ಟಿಪ್ಪಣಿಯಲ್ಲಿ, ಅದನ್ನು ಹೊರಗೇಕಿಟ್ಟಿರಿ?

ವಿಂಗಡಿಸುವುದು ಹೇಗೆಂದು ಬರೆಯಿರಿ. ಗಟ್ಟಿ ಪಾಲಿಕಾರ್ಬೊನೇಟ್ ಕವರಾದರೆ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಮೆಲ್ಲಗೆ ತಿರುಚಿ ಬೆಳಕಿಗೆ ಹಿಡಿಯಬೇಕು. ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಅದು ಗೀರಲ್ಲ, ಬಿರುಕಿನ ಮೊದಲು. ಫೋನಿಗೆ ಹಾಕಿ ತೆಗೆದು ಮಾಡುವಾಗ ಅಲ್ಲೇ ಸೀಳುತ್ತದೆ. ಅದನ್ನು ದೋಷ ತೋರಿಸಿ ಕಡಿಮೆ ಬೆಲೆಗೆ ಮಾರುವ ಸೆಕೆಂಡ್ಸ್‌ಗೂ ಸೇರಿಸಬಾರದು. ಮೆತ್ತಗಿನ ಪಾರದರ್ಶಕ ಟಿಪಿಯು ಕವರ್ ಒಡೆಯುವುದು ಕಡಿಮೆ, ಅದರ ಕಾಯಿಲೆ ಹಳದಿಯಾಗುವುದು. ಬಿಳಿ ಹಾಳೆಯ ಮೇಲಿಟ್ಟು ಬೆನ್ನನ್ನಲ್ಲ, ಅಂಚನ್ನು ನೋಡಬೇಕು. ಅಂಚಿನಲ್ಲಿ ಬೆಳಕು ಹೆಚ್ಚು ದಪ್ಪದ ಮೂಲಕ ಹಾಯುವುದರಿಂದ ಹಳದಿ ಮೊದಲು ಅಲ್ಲೇ ಕಾಣುತ್ತದೆ. ಇದು ಕೊಳೆಯಲ್ಲ, ಬೆಳಕು ಮತ್ತು ಶಾಖಕ್ಕೆ ಪ್ಲಾಸ್ಟಿಕ್ಕೇ ಬದಲಾಗಿರುವುದು. ಒರೆಸಿದರೆ ಹೋಗುವುದಿಲ್ಲ, ದಿನ ಕಳೆದಂತೆ ಇನ್ನೂ ಗಾಢವಾಗುತ್ತದೆ. ಆದ್ದರಿಂದ ಇವನ್ನು ಮೊದಲು ಮಾರಿ ಕೈತೊಳೆದುಕೊಳ್ಳಬೇಕು.

ತೂತುಗಳದ್ದು ಕಣ್ಣಳತೆಯಲ್ಲಿ ಆಗುವ ಕೆಲಸವಲ್ಲ. ಆ ಮಾಡೆಲ್‌ನ ಫೋನ್ ಅಥವಾ ಡಮ್ಮಿಗೆ ಕವರ್ ಹಾಕಿ, ಚಾರ್ಜರ್ ಪಿನ್ ಪೂರ್ತಿ ಒಳಗೆ ಹೋಗುತ್ತದೆಯೇ, ಗುಂಡಿಗಳು ಒತ್ತಿದ್ದು ಬಿಟ್ಟಾಗ ಮೇಲೇಳುತ್ತವೆಯೇ ನೋಡಬೇಕು. ಕ್ಯಾಮೆರಾ ತೂತಿನ ಅಂಚು ಫ್ಲ್ಯಾಶ್‌ಗೆ ಒಂದಿಷ್ಟು ಅಡ್ಡ ಬಂದರೂ ಬೆಳಕು ಅಂಚಿಗೆ ಬಡಿದು ಕತ್ತಲಲ್ಲಿ ತೆಗೆದ ಚಿತ್ರದ ಮೇಲೆ ಬಿಳಿ ಮಬ್ಬು ಕವಿಯುತ್ತದೆ. ಇದಕ್ಕೆ ಡಮ್ಮಿ ಸಾಲದು, ನಿಜವಾದ ಫೋನೇ ಬೇಕು. ಕೊಂಡವನು ಮೂರು ದಿನ ಬಿಟ್ಟು ಫೋನ್ ಕೆಟ್ಟಿದೆಯೆಂದೇ ಬರುತ್ತಾನೆ. ಅಚ್ಚಿನಲ್ಲೇ ತಪ್ಪಿದ್ದರೆ ಆ ಮಾಡೆಲ್‌ನ ಅಷ್ಟೂ ಕವರ್ ಹಾಗೇ ಇರುವ ಸಾಧ್ಯತೆ ಹೆಚ್ಚು, ಒಂದು ಕೈಕೊಟ್ಟರೆ ಆ ಇಡೀ ಕಟ್ಟನ್ನು ಬಿಚ್ಚಬೇಕು.

“ಮೇಲಿನಿಂದ ಹತ್ತು ತೆಗೆದು ನೋಡಿದರೆ ಲಾಟ್ ಹೇಗಿದೆಯೆಂದು ತಿಳಿಯುತ್ತದೆ” ಎಂಬ ವಾಕ್ಯವನ್ನು ಹೊಡೆದುಹಾಕಿದ್ದೇನೆ. ನೂರಕ್ಕೆ 8 ಹಾಳಾದ ಲಾಟ್‌ನಲ್ಲಿ ಕಣ್ಣುಮುಚ್ಚಿ ಹತ್ತು ತೆಗೆದರೆ ಹತ್ತೂ ಚೆನ್ನಾಗಿರುವ ಸಾಧ್ಯತೆಯೇ ನೂರಕ್ಕೆ ಸುಮಾರು 43. ಮೇಲಾಗಿ ಹಾಳು ಹರಡಿಕೊಂಡು ಬರುವುದಿಲ್ಲ. ಭಾರಕ್ಕೆ ಅಪ್ಪಚ್ಚಿಯಾಗುವುದು ರಟ್ಟಿನ ಪೆಟ್ಟಿಗೆಯ ತಳದವು, ಮೂಲೆಯವು. ಮೇಲಿನ ಹತ್ತು ಯಾವತ್ತೂ ನಗುತ್ತಿರುತ್ತವೆ.

ಈಗ ಆ 40ರ ಲೆಕ್ಕ ಮತ್ತೆ ಮಾಡೋಣ. ಪ್ಯಾಕೆಟ್ ಹರಿದ 12ಕ್ಕೆ ತಲಾ 2 ರೂಪಾಯಿಯ ಹೊಸ ಪ್ಯಾಕೆಟ್ ಹಾಕಿದರೆ ಅವು 70ಕ್ಕೇ ಹೋಗುತ್ತವೆ. ಗೀರಿನ 18ನ್ನು ಗೀರಿದೆಯೆಂದು ತೋರಿಸಿಯೇ 30ಕ್ಕೆ ಕೊಟ್ಟರೆ 540. ಹತ್ತು ಕಸಕ್ಕೆ. ಒಟ್ಟು ಉಳಿಕೆ 12,556. ಹಾಳಿನಿಂದ ಆದ ನಿಜವಾದ ಪೆಟ್ಟು 2,800 ಅಲ್ಲ, 1,444. ಅರ್ಧದಷ್ಟು ವಿಂಗಡಣೆಯಲ್ಲೇ ವಾಪಸು ಬಂತು.

ಇಲ್ಲಿ ನೀವು “40ಕ್ಕೆ ಕೊಂಡದ್ದನ್ನು 30ಕ್ಕೆ ಮಾರಿದರೆ ಹತ್ತು ರೂಪಾಯಿ ನಷ್ಟ” ಎಂದು ಬರೆದಿದ್ದೀರಿ. ಹಾಗಲ್ಲ. ಆ ನಲವತ್ತು ಎಂದೋ ಹೋಗಿಯಾಗಿದೆ, ಮಾರಿದರೂ ಹೋಗಿದೆ, ಎಸೆದರೂ ಹೋಗಿದೆ. ಬರುವ 30 ಬಂದದ್ದೇ ಲಾಭ. ಅಪಾಯ ಬೇರೆ ಕಡೆ ಇದೆ: 70 ಕೊಡಲು ಬಂದವನ ಕಣ್ಣಿಗೆ 30ರದ್ದು ಬಿದ್ದು ಅವನು ಅದನ್ನೇ ಎತ್ತಿಕೊಂಡರೆ, ಒಳ್ಳೆಯದೊಂದು ಉಳಿದುಹೋಯಿತು. ಹದಿನೆಂಟರಲ್ಲಿ ಎಂಟು ಜನ ಹಾಗೆ ಮಾಡಿ, ಆ ಎಂಟು ಒಳ್ಳೆಯ ಕವರ್ ಕಡೆಗೂ ಮಾರಾಟವಾಗದಿದ್ದರೆ ಹೋದದ್ದು 560, ಬಂದದ್ದು 540. ಅದಕ್ಕೇ ಸೆಕೆಂಡ್ಸನ್ನು ಒಳ್ಳೆಯವುಗಳ ಪಕ್ಕ ತೂಗುಹಾಕಬಾರದು. ಬೇರೆ ಬುಟ್ಟಿ, ಬೇರೆ ಮೂಲೆ, ಅಥವಾ ಹತ್ತಿಪ್ಪತ್ತು ಒಟ್ಟಿಗೆ ಒಯ್ಯುವವರಿಗೆ ಒಂದೇ ಕಂತಿನಲ್ಲಿ.

ಸರಬರಾಜುದಾರ ಹಣ ವಾಪಸು ಕೊಡುತ್ತಾನೆ ಎಂಬ ಕೊನೆಯ ಪ್ಯಾರಾ ಇರಲಿ, ಆದರೆ ಪೂರ್ತಿ ಮಾಡಿ. ಒಡೆದ ಹತ್ತಕ್ಕೆ ಕೊಂಡ ಬೆಲೆ ಕೊಟ್ಟರೆ 400 ಬರುತ್ತದೆ. ಬದಲಿಗೆ ಹತ್ತು ಹೊಸ ಕವರ್ ಕೊಟ್ಟರೆ, ಅವು ಮಾರಾಟವಾಗುವ ಮಾಡೆಲ್‌ನವಾದರೆ, 700. ಮಾಡೆಲ್ ಆರಿಸುವ ಹಕ್ಕು ಅವನದೇ ಆದರೆ 400 ನಗದೇ ಮೇಲು. ಪೆಟ್ಟಿಗೆ ಬಿಚ್ಚುವ ಮೊದಲೇ ಅದರ ಮೇಲಿನ ಚೀಟಿಯೂ ಜಜ್ಜಿದ ಮೂಲೆಯೂ ಒಟ್ಟಿಗೆ ಕಾಣುವಂತೆ ಒಂದು ಫೋಟೊ ತೆಗೆದಿಡದಿದ್ದರೆ, ಹಾಳಾದದ್ದು ದಾರಿಯಲ್ಲೋ ನಿಮ್ಮ ಗೋದಾಮಿನಲ್ಲೋ ಎಂಬ ವಾದದಲ್ಲಿ ಎರಡೂ ಸಿಗುವುದಿಲ್ಲ.

ಮೊಬೈಲ್ ಯುಗದ ಬಗೆಗಿನ ಮೊದಲ ಒಂದೂವರೆ ಪುಟ ತೆಗೆಯಿರಿ, ಯಾರೂ ಓದುವುದಿಲ್ಲ. ಮುನ್ನೂರನೇ ಕವರ್‌ನಿಂದ ಶುರು ಮಾಡಿ. ಟಿಪ್ಪಣಿಯ ವಿಂಗಡಣೆಯನ್ನು ಒಳಗೆ ತನ್ನಿ, ಬೆಳಕಿಗೆ ಹಿಡಿದ ಮೂಲೆಯ ಒಂದು ಚಿತ್ರವನ್ನೂ ಜೊತೆಗಿಡಿ, ಬಿಳಿ ಗೆರೆ ಎದ್ದು ಕಾಣಬೇಕು. ಎಂಟು ನೂರು ಪದದೊಳಗೆ ಮತ್ತೆ ಕಳುಹಿಸಿದರೆ ಓದುತ್ತೇನೆ.