ಜನವರಿಯಲ್ಲಿ ಸೂರ್ಯ ಹತ್ತಿರ, ಆದರೂ ಚಳಿ: ಪುಸ್ತಕದ ಕಕ್ಷೆಯ ಚಿತ್ರ ಓದುವ ಬಗೆ

ಪ್ರಶ್ನೆ: ಮಗಳ ಪುಸ್ತಕದಲ್ಲಿ ಭೂಮಿ ಸೂರ್ಯನ ಸುತ್ತ ಹೋಗೋ ಚಿತ್ರ ಇದೆ. ದಾರಿ ಉದ್ದಕ್ಕೆ ಎಳೆದ ಹಾಗಿದೆ. ಎರಡು ತುದಿಯಲ್ಲಿ ಸೂರ್ಯ ದೂರ, ಮಧ್ಯದಲ್ಲಿ ಹತ್ತಿರ. ಕೆಳಗೆ ಮಾತ್ರ ‘ಋತುಗಳಿಗೆ ಕಾರಣ ಅಕ್ಷದ ಓರೆ, ದೂರ ಅಲ್ಲ’ ಅಂತ ಬರೆದಿದ್ದಾರೆ. ಜೂನ್ ಅಂದ್ರೆ ಬೇಸಿಗೆ ಅಂತಾನೂ ಇದೆ. ಬೆಂಗಳೂರಲ್ಲಿ ಜೂನ್‌ಗೆ ಮಳೆ ಅಲ್ವಾ? ಅವಳಿಗೆ ಹೇಗೆ ಹೇಳಲಿ?

ಉತ್ತರ:

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ಚಿತ್ರ ಬಂದಾಗಲೆಲ್ಲ ಮೊದಲು ಅದರ ಆಕಾರದ ಬಗ್ಗೆ ಮಾತಾಡಿ ಮುಗಿಸುತ್ತೇನೆ, ಯಾಕಂದರೆ ಮಕ್ಕಳ ಗೊಂದಲವೆಲ್ಲ ಅಲ್ಲೇ ಶುರು.

ಚಿತ್ರ ಬರೆದವರು ಕಕ್ಷೆಯನ್ನು ನೇರ ಮೇಲಿಂದ ನೋಡಿ ಬರೆದಿಲ್ಲ, ಪಕ್ಕದಿಂದ ಓರೆಯಾಗಿ ನೋಡಿ ಬರೆದಿದ್ದಾರೆ. ಊಟದ ತಟ್ಟೆಯನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತು ನೋಡಿ. ತಟ್ಟೆ ಗುಂಡಗೇ ಇರುತ್ತದೆ, ಕಣ್ಣಿಗೆ ಮಾತ್ರ ಚಪ್ಪಟೆಯಾಗಿ ಕಾಣುತ್ತದೆ. ಪುಸ್ತಕದ ಕಕ್ಷೆಯ ಕಥೆಯೂ ಅಷ್ಟೇ. ಅಕ್ಷದ ಓರೆ ಕಾಣಬೇಕಾದರೆ ಪಕ್ಕದಿಂದಲೇ ಬರೆಯಬೇಕು, ಬೇರೆ ದಾರಿಯಿಲ್ಲ. ಆದರೆ ‘ಇದು ಓರೆ ನೋಟ’ ಎಂದು ಒಂದು ಸಾಲು ಬರೆದರೆ ಏನು ನಷ್ಟವೋ ಗೊತ್ತಿಲ್ಲ.

ನಿಜವಾದ ಕಕ್ಷೆ ಎಷ್ಟು ಗುಂಡಗಿದೆ? ಮಗಳ ನೋಟ್‌ಬುಕ್ಕಿನಲ್ಲಿ ಅದನ್ನು 10 ಸೆಂ.ಮೀ. ಉದ್ದಕ್ಕೆ ಅಳತೆಗೆ ಸರಿಯಾಗಿ ಬರೆಯುತ್ತೀರಿ ಅಂದುಕೊಳ್ಳಿ. ಆಗ ಅಗಲ 9.9986 ಸೆಂ.ಮೀ. ಬರುತ್ತದೆ. ಆ ವ್ಯತ್ಯಾಸ ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ. ಕೈವಾರದಲ್ಲಿ ಎಳೆದ ವೃತ್ತಕ್ಕೂ ಅದಕ್ಕೂ ಕಣ್ಣಿಗೆ ಭೇದವೇ ತಿಳಿಯುವುದಿಲ್ಲ. ಸೂರ್ಯ ಮಾತ್ರ ಸರಿಯಾಗಿ ನಡುವೆ ಇರುವುದಿಲ್ಲ, 0.8 ಮಿ.ಮೀ. ಆಚೆ ಸರಿದಿರುತ್ತಾನೆ. ಆ ಸೂರ್ಯನ ಅಗಲ ಅರ್ಧ ಮಿ.ಮೀ. ಕೂಡ ಇರುವುದಿಲ್ಲ. ಭೂಮಿಯಂತೂ ಕಾಣುವುದೇ ಇಲ್ಲ.

ಸೂರ್ಯ ಹಾಗೆ ಸ್ವಲ್ಪ ಸರಿದಿರುವುದರಿಂದಲೇ ದೂರ ಹೆಚ್ಚು ಕಡಿಮೆ ಆಗುವುದು. ಜನವರಿ 3-4ರ ಸುಮಾರಿಗೆ ಭೂಮಿ ಅತಿ ಹತ್ತಿರ, ಸುಮಾರು 14.7 ಕೋಟಿ ಕಿ.ಮೀ. ಜುಲೈ 4-5ರ ಸುಮಾರಿಗೆ ಅತಿ ದೂರ, 15.2 ಕೋಟಿ ಕಿ.ಮೀ. ಅಂದರೆ ಬೆಂಗಳೂರು ಸ್ವೆಟರ್ ಹಾಕುವ ಹೊತ್ತಿಗೆ ಸೂರ್ಯ ವರ್ಷದಲ್ಲೇ ಅತಿ ಹತ್ತಿರ ಇರುತ್ತಾನೆ! ಅದೇ ಜನವರಿ ಮೊದಲ ವಾರ ಸಿಡ್ನಿಯಲ್ಲಿ ಬಿರುಬೇಸಿಗೆ, ಕ್ರಿಕೆಟ್ ನೋಡುವವರಿಗೆ ಇದು ಗೊತ್ತೇ ಇರುತ್ತದೆ. ಒಂದೇ ದಿನ, ಒಂದೇ ದೂರ, ಎರಡು ಊರಿನಲ್ಲಿ ಎರಡು ಋತು. ದೂರವೇ ಕಾರಣವಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಮಗಳಿಗೆ ಇನ್ನೊಂದು ಕೇಳಿ ನೋಡಿ. ಪುಸ್ತಕದ ಚಪ್ಪಟೆ ಆಕಾರವನ್ನೇ ನಿಜ ಅಂದುಕೊಂಡರೆ ಜೂನ್, ಡಿಸೆಂಬರ್ ಎರಡೂ ತುದಿಯಲ್ಲಿವೆ, ಎರಡೂ ದೂರ. ಹಾಗಾದರೆ ಎರಡರಲ್ಲೂ ಚಳಿ ಇರಬೇಕು. ಮಾರ್ಚ್, ಸೆಪ್ಟೆಂಬರ್ ಎರಡೂ ಹತ್ತಿರ, ಎರಡರಲ್ಲೂ ಸೆಕೆ. ವರ್ಷಕ್ಕೆ ಎರಡು ಬೇಸಿಗೆ, ಎರಡು ಚಳಿಗಾಲ, ಅದೂ ಇಡೀ ಭೂಮಿಗೆ ಒಟ್ಟಿಗೆ. ಹಾಗೇನೂ ಇಲ್ಲವಲ್ಲ.

(ಜುಲೈ ಬಂತೆಂದರೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ತಿರುಗಾಡುತ್ತದೆ. ಸೂರ್ಯ ಮಾಮೂಲಿ 9 ಕೋಟಿ ಕಿ.ಮೀ. ದೂರ, ಈಗ 15.2 ಕೋಟಿಗೆ ಹೋಗಿದ್ದಾನೆ, ಆಗಸ್ಟ್‌ವರೆಗೆ ಚಳಿ, ಹುಷಾರು ಅಂತ. 15.2 ಸರಿ. 9 ಕೋಟಿ ಅನ್ನುವುದು ಬಹುಶಃ ಮೈಲಿಯ ಲೆಕ್ಕವನ್ನು ಕಿಲೋಮೀಟರ್ ಅಂದುಕೊಂಡದ್ದು. ಸರಾಸರಿ ದೂರ ಸುಮಾರು 9.3 ಕೋಟಿ ಮೈಲಿ, ಅಂದರೆ 15 ಕೋಟಿ ಕಿ.ಮೀ.)

ಈಗ ಚಿತ್ರದಲ್ಲಿ ನಿಜವಾಗಿ ನೋಡಬೇಕಾದ್ದಕ್ಕೆ ಬರೋಣ. ನಾಲ್ಕು ಭೂಮಿಗಳಲ್ಲೂ ಅಕ್ಷದ ಗೆರೆ ಇದೆಯಲ್ಲ, ಅದರ ಮೇಲೆ ಸ್ಕೇಲ್ ಇಡಿ. ನಾಲ್ಕೂ ಒಂದಕ್ಕೊಂದು ಸಮಾಂತರವಾಗಿರಬೇಕು. ಓರೆ 23.4 ಡಿಗ್ರಿ, ಮೇಲ್ತುದಿ ವರ್ಷಪೂರ್ತಿ ಧ್ರುವ ನಕ್ಷತ್ರದ ಕಡೆಗೇ. ಭೂಮಿ ಸುತ್ತುತ್ತದೆ, ಅಕ್ಷದ ದಿಕ್ಕು ಬದಲಾಗುವುದಿಲ್ಲ. ಎಡಕ್ಕೆ ಜೂನ್ ಇದ್ದು ಗೆರೆಯ ಮೇಲ್ತುದಿ ಬಲಕ್ಕೆ ವಾಲಿದ್ದರೆ, ಅದು ಸೂರ್ಯನ ಕಡೆ ವಾಲಿದಂತಾಯಿತು. ಬಲಗಡೆಯ ಡಿಸೆಂಬರ್ ಭೂಮಿಯಲ್ಲೂ ಅದು ಬಲಕ್ಕೇ ವಾಲಿದೆ. ಆದರೆ ಈಗ ಸೂರ್ಯ ಎಡಗಡೆ ಇದ್ದಾನೆ, ಹಾಗಾಗಿ ಉತ್ತರದ ತುದಿ ಅವನಿಂದ ಆಚೆಗೆ ಹೋಯಿತು. ಮಾರ್ಚ್, ಸೆಪ್ಟೆಂಬರ್‌ನಲ್ಲಿ ಓರೆ ಮಾಯವಾಗುವುದಿಲ್ಲ, ಸೂರ್ಯನ ಕಡೆಗೂ ಅಲ್ಲ ಆಚೆಗೂ ಅಲ್ಲ, ಪಕ್ಕಕ್ಕೆ ಇರುತ್ತದೆ. ‘ಮಾರ್ಚ್‌ನಲ್ಲಿ ಭೂಮಿ ನೆಟ್ಟಗೆ ನಿಲ್ಲುತ್ತದೆ’ ಎಂದು ಬರೆಯುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ.

ಇನ್ನು ಕೆಲವರು ದೂರವನ್ನು ಹಿಂಬಾಗಿಲಿಂದ ಒಳಗೆ ತರುತ್ತಾರೆ. ‘ಸೂರ್ಯನ ಕಡೆ ವಾಲಿದಾಗ ನಾವು ಹತ್ತಿರ ಆಗ್ತೀವಿ, ಅದಕ್ಕೇ ಸೆಕೆ’ ಅಂತ. ವಾಲಿದ್ದರಿಂದ ಹತ್ತಿರವಾಗುವುದು ಕೆಲವು ಸಾವಿರ ಕಿ.ಮೀ. ಮಾತ್ರ. ಭೂಮಿ ತನ್ನ ಸುತ್ತ ತಿರುಗುವುದರಿಂದಲೇ ನಾವು ಮಧ್ಯರಾತ್ರಿಯಿಂದ ಮಧ್ಯಾಹ್ನದೊಳಗೆ ಸುಮಾರು 12,000 ಕಿ.ಮೀ. ಸೂರ್ಯನ ಕಡೆ ಬಂದಿರುತ್ತೇವೆ. 15 ಕೋಟಿಯ ಮುಂದೆ ಎರಡೂ ಲೆಕ್ಕಕ್ಕಿಲ್ಲ.

ಓರೆ ಮಾಡುವ ಕೆಲಸ ಎರಡು. ಬಿಸಿಲು ಬೀಳುವ ಕೋನ ಬದಲಾಗುತ್ತದೆ, ಹಗಲಿನ ಉದ್ದ ಬದಲಾಗುತ್ತದೆ. ಇದನ್ನು ಬೆಂಗಳೂರಿನ ಅಂಕಿಗಳಲ್ಲೇ ನೋಡಿ. ನಾವಿರುವುದು ಉತ್ತರಕ್ಕೆ 13 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ನೆತ್ತಿಯಿಂದ 13 ಮತ್ತು 23.4 ಸೇರಿ 36.4 ಡಿಗ್ರಿ ದಕ್ಷಿಣಕ್ಕೆ ಇರುತ್ತಾನೆ. ತಾರಸಿಯ ಮೇಲೆ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿದರೆ ನೆರಳು 74 ಸೆಂ.ಮೀ., ಉತ್ತರಕ್ಕೆ ಬೀಳುತ್ತದೆ. ಜೂನ್ 21ಕ್ಕೆ ನೆರಳು 18-19 ಸೆಂ.ಮೀ. ಮಾತ್ರ, ಅದೂ ದಕ್ಷಿಣಕ್ಕೆ! ಆಗ ಸೂರ್ಯ ನಮ್ಮ ಉತ್ತರಕ್ಕೆ ದಾಟಿರುತ್ತಾನೆ. ಗಡಿಯಾರದ 12 ಗಂಟೆಗೆ ಅಳೆಯಬೇಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮದಲ್ಲಿದ್ದೇವೆ. ಇಲ್ಲಿ ಸೂರ್ಯ ಅತಿ ಎತ್ತರ ಏರುವುದು ಆ ಎರಡು ದಿನಗಳಲ್ಲಿ ಸುಮಾರು 12.20ಕ್ಕೆ.

ಬಿಸಿಲು ಓರೆಯಾದಷ್ಟೂ ಅದೇ ಬೆಳಕು ಜಾಸ್ತಿ ಜಾಗಕ್ಕೆ ಹಂಚಿಹೋಗುತ್ತದೆ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬರುವ ಒಂದು ಚದರ ಮೀಟರ್ ಬಿಸಿಲು ನೆಲದ ಮೇಲೆ 1.24 ಚದರ ಮೀಟರಿಗೆ ಹರಡುತ್ತದೆ. ಜೂನ್‌ಗೆ ಹೋಲಿಸಿದರೆ ಮಧ್ಯಾಹ್ನದ ಬಿಸಿಲು ಶೇ. 18ರಷ್ಟು ಕಡಿಮೆ. ದೆಹಲಿಯಲ್ಲಿ ಅದೇ ಒಂದು ಚದರ ಮೀಟರ್ 1.63ಕ್ಕೆ ಹರಡುತ್ತದೆ, ಶೇ. 38ರಷ್ಟು ಕಡಿಮೆ. ಹಗಲೂ ಅಷ್ಟೇ. ಇಲ್ಲಿ ಜೂನ್‌ಗಿಂತ ಡಿಸೆಂಬರ್‌ನ ಹಗಲು ಸುಮಾರು ಒಂದೂವರೆ ಗಂಟೆ ಚಿಕ್ಕದು, ದೆಹಲಿಯಲ್ಲಿ ಮೂರೂವರೆ ಗಂಟೆಗೂ ಜಾಸ್ತಿ. ನಮ್ಮ ಚಳಿಗಾಲ ಹಿತವಾಗಿ, ದೆಹಲಿಯದ್ದು ನಡುಗಿಸುವಂತೆ ಇರುವುದಕ್ಕೆ ಇದೇ ದೊಡ್ಡ ಕಾರಣ.

ದೂರಕ್ಕೆ ಯಾವ ಪಾತ್ರವೂ ಇಲ್ಲ ಅಂದರೆ ಅದೂ ತಪ್ಪಾಗುತ್ತದೆ. ಜನವರಿಯಲ್ಲಿ ಭೂಮಿಗೆ ಬೀಳುವ ಬಿಸಿಲು ಜುಲೈಗಿಂತ ಸುಮಾರು ಶೇ. 7ರಷ್ಟು ಜಾಸ್ತಿ. ಅಂದರೆ ಓರೆ ಕಿತ್ತುಕೊಂಡದ್ದರಲ್ಲಿ ಸ್ವಲ್ಪವನ್ನು ದೂರ ನಮಗೆ ವಾಪಸ್ ಕೊಡುತ್ತದೆ. ಬೆಂಗಳೂರಿಗೆ ಅದು ಸಣ್ಣ ಪಾಲೇನಲ್ಲ, ದೆಹಲಿಗೆ ಸಾಕಾಗುವುದಿಲ್ಲ. ‘ಋತುಗಳಿಗೆ ಕಾರಣ ದೂರ ಅಲ್ಲ’ ಅನ್ನುವ ವಾಕ್ಯವನ್ನು ಇಷ್ಟು ಮಟ್ಟಿಗೆ ಅರ್ಥ ಮಾಡಿಕೊಳ್ಳಬೇಕು: ದೂರ ಋತುವನ್ನು ಹುಟ್ಟಿಸುವುದಿಲ್ಲ, ಸ್ವಲ್ಪ ತಿದ್ದುತ್ತದೆ. ನಮ್ಮಲ್ಲಂತೂ ಉಲ್ಟಾ ದಿಕ್ಕಿಗೆ ತಿದ್ದುತ್ತದೆ.

ಇನ್ನು ಜೂನ್ ಮಳೆಯ ವಿಷಯ. ಚಿತ್ರ ಸರಿಯಾಗಿಯೇ ಇದೆ, ಆದರೆ ಅದು ತೋರಿಸುವುದು ಬಿಸಿಲು ಎಲ್ಲಿ ಹೇಗೆ ಬೀಳುತ್ತದೆ ಅನ್ನುವುದನ್ನು ಮಾತ್ರ. ಮೋಡ ಅದರಲ್ಲಿಲ್ಲ. ‘ಜೂನ್ ಅಂದರೆ ಬೇಸಿಗೆ’ ಎಂದು ಒಂದೇ ಚೀಟಿ ಅಂಟಿಸುವುದು ಯುರೋಪಿನಂಥ ಜಾಗಕ್ಕೆ ಹೊಂದುತ್ತದೆ. ನಾವು ಕರ್ಕಾಟಕ ಸಂಕ್ರಾಂತಿ ವೃತ್ತದ ಈಚೆ ಇದ್ದೇವೆ, ಹಾಗಾಗಿ ಸೂರ್ಯ ನಮ್ಮ ನೆತ್ತಿಯ ಮೇಲೆ ವರ್ಷಕ್ಕೆ ಎರಡು ಸಲ ಬರುತ್ತಾನೆ. ಬೆಂಗಳೂರಿಗೆ ಅದು ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಸುಮಾರಿಗೆ. ಆ ದಿನ ಮಧ್ಯಾಹ್ನ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಪೇಪರಿನಲ್ಲಿ ‘ಶೂನ್ಯ ನೆರಳಿನ ದಿನ’ ಅಂತ ಬರುತ್ತದಲ್ಲ, ಅದೇ.

ಈ ಎರಡು ದಿನ ಸೂರ್ಯನ ಎತ್ತರ ಒಂದೇ, ಹಗಲಿನ ಉದ್ದ ಒಂದೇ, ದೂರವೂ ಹೆಚ್ಚು ಕಮ್ಮಿ ಅಷ್ಟೇ. ಆದರೆ ಏಪ್ರಿಲ್‌ನಲ್ಲಿ ಫ್ಯಾನ್ ಹಾಕಿದರೂ ಸಾಲದು, ಆಗಸ್ಟ್‌ನಲ್ಲಿ ಸಂಜೆಗೆ ಶಾಲು ಬೇಕು. ಏಪ್ರಿಲ್‌ನಲ್ಲಿ ಆಕಾಶ ಬಹುಪಾಲು ಖಾಲಿ, ನೆಲ ಒಣಗಿರುತ್ತದೆ, ಬಿದ್ದ ಬಿಸಿಲೆಲ್ಲ ನೆಲ ಕಾಯಿಸುತ್ತದೆ. ಜೂನ್‌ನಿಂದ ಮುಂಗಾರಿನ ಮೋಡ ಬಿಸಿಲನ್ನು ಮೇಲೇ ತಡೆಯುತ್ತದೆ, ಕೆಳಗೆ ಬಂದ ಅಷ್ಟಿಷ್ಟೂ ಒದ್ದೆ ನೆಲ ಆರಿಸುವುದರಲ್ಲೇ ಖರ್ಚಾಗುತ್ತದೆ. ಹಾಗಾಗಿ ಎರಡನೇ ಬೇಸಿಗೆ ನಮಗೆ ಗೊತ್ತೇ ಆಗುವುದಿಲ್ಲ.

ಓರೆಯ ಪರಿಣಾಮವನ್ನು ಮೋಡದ ಹಂಗಿಲ್ಲದೆ ನೋಡಬೇಕಾದರೆ ಸೂರ್ಯ ಮುಳುಗುವ ಜಾಗ ನೋಡಿ. ಡಿಸೆಂಬರ್‌ನಲ್ಲಿ ಪಶ್ಚಿಮಕ್ಕಿಂತ ಚೆನ್ನಾಗಿಯೇ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ, ಆಮೇಲೆ ದಿನ ದಿನಕ್ಕೆ ಉತ್ತರಕ್ಕೆ ಜರುಗುತ್ತಾನೆ. ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದು ಇದರಿಂದಲೇ. ಡಿಸೆಂಬರ್ 21ಕ್ಕೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುತ್ತಾನಾದ್ದರಿಂದ ಜನವರಿ 14ರ ಜಾಗವನ್ನು ನವೆಂಬರ್ ಕೊನೆಯಲ್ಲೂ ಒಮ್ಮೆ ಹಾದಿರುತ್ತಾನೆ. ಆಗಲೂ ಅಲ್ಲಿ ಬಿಸಿಲು ಹಾಗೇ ಬೀಳುತ್ತದೆ, ಟಿವಿಯವರು ಮಾತ್ರ ಬರುವುದಿಲ್ಲ.

ಪರೀಕ್ಷೆಯಲ್ಲಿ ಮಗಳು ಈ ಚಿತ್ರ ಬರೆಯುವಾಗ ಕಕ್ಷೆ ಎಷ್ಟು ಚಪ್ಪಟೆ ಬಂತು ಅಂತ ತಲೆ ಕೆಡಿಸಿಕೊಳ್ಳುವುದು ಬೇಡ. ನಾಲ್ಕು ಅಕ್ಷಗಳನ್ನು ಮೊದಲು ಸ್ಕೇಲಿನಿಂದ ಸಮಾಂತರವಾಗಿ ಎಳೆಯಲಿ. ಆಮೇಲೆ ಪ್ರತಿ ಭೂಮಿಯ ಸೂರ್ಯನ ಕಡೆಯ ಅರ್ಧವನ್ನು ಬಿಟ್ಟು ಇನ್ನರ್ಧಕ್ಕೆ ಪೆನ್ಸಿಲ್‌ನಲ್ಲಿ ಕತ್ತಲು ತುಂಬಲಿ. ಎಡ, ಬಲ ತುದಿಯ ಎರಡು ಭೂಮಿಗಳಲ್ಲಿ ಬೆಳಕು ಕತ್ತಲೆಯ ಗಡಿ ನೆಟ್ಟಗೆ ಇರುತ್ತದೆ, ಅಕ್ಷ ಓರೆ ಇರುತ್ತದೆ. ಆ ಎರಡೂ ಗೆರೆ ಒಂದರ ಮೇಲೊಂದು ಕೂತಿದ್ದರೆ ಚಿತ್ರ ತಪ್ಪು.